ಬಯಲಲ್ಲಿ ಹಾಸಿದ ಬಟ್ಟೆ

ಮುಲುಂಡಿನ ಗುಮಾಸ್ತ ಗದಿಗೆಪ್ಪನಿಗೆ ರವಿವಾರ ಬಂತೆಂದರೆ ಗೋರೆಗಾಂವ್ ಗುಡ್ಡದ ಕೆಳಗಿನ ಬಯಲೇ ಮನೆ. ಅಲ್ಲಿನ ಹಾರಾಟದ ಕ್ಲಬ್ಬಿಗೆ ಇದ್ದದ್ದು ಒಂದೇ ಗ್ಲೈಡರ್, ಇಂಜಿನ್ ಇಲ್ಲದೆ ಗಾಳಿಯ ಮೇಲೆ ತೇಲುವ ವಿಮಾನ. ಕೆಳಗೆ ಬಿಳಿ ಬಟ್ಟೆ ಹಾಸಿದರೆ, ಇಳಿ, ಬೇರೆಯವರ ಪಾಳಿ ಎಂದರ್ಥ. ಅದನ್ನು ಕಂಡೂ ಕಾಣದಂತೆ ಇನ್ನಷ್ಟು ಹಾರುವುದು ಎಲ್ಲರ ರೂಢಿ.

ಐವತ್ನಾಲ್ಕನೇ ಇಸವಿಯ ಆ ರವಿವಾರ, ಕಾದ ನೆಲದಿಂದ ಬಿಸಿಗಾಳಿ ಏಳುವ ಕಡೆ ಹದ್ದುಗಳು ಸುತ್ತುತ್ತಿದ್ದವು. ಗದಿಗೆಪ್ಪನೂ ಅವುಗಳ ಜೊತೆಗೇ ಸುತ್ತುತ್ತ ಮೇಲೇರಿದ. ಮಧ್ಯಾಹ್ನ ತಂಪು ಕಡಲಗಾಳಿ ನುಗ್ಗಿ ಆ ಬಿಸಿಗಾಳಿ ಅಡಗಿತು. ಅದೇ ಕಡಲಗಾಳಿ ಗುಡ್ಡಕ್ಕೆ ಬಡಿದು ಮೇಲೇಳುವಲ್ಲಿಗೆ ಬಂದು, ಇಳಿಜಾರಿನ ಮುಂದೆ ಅತ್ತಿಂದಿತ್ತ ಓಡಾಡುತ್ತ ತೇಲಿದ. ಆಗ ಬಟ್ಟೆ ಕಂಡಿತು. ಮುಂದಿನ ಪಾಳಿಯ ಸೀತಾರಾಮನಿಗೆ ಯಾವಾಗಲೂ ಅವಸರ ಎಂದುಕೊಂಡು, ಸಂಜೆ ಗಾಳಿ ಇಳಿಯುವತನಕ ತಾನೂ ಇಳಿಯಲಿಲ್ಲ.

ಇಳಿದಾಗ ಸೀತಾರಾಮ ಬಂದು ಕೈ ಹಿಡಿದ.

"ಮಧ್ಯಾಹ್ನವೇ ನಿಮ್ಮ ಚಾಳ್‌ನಿಂದ ಜನ ಬಂದಿದ್ದರು. ಮನೆಯವರಿಗೆ ಎದೆನೋವಂತೆ. ಅದಕ್ಕೇ ಹಾಸಿದ್ದೆವು."

ದಾದರಿನಲ್ಲಿ ಲೋಕಲ್ ಬದಲಿಸಿ ಮುಲುಂಡ್ ಮುಟ್ಟಿದಾಗ ಹೆಂಡತಿ ಅಂಬವ್ವ ತಣ್ಣಗಾಗಿದ್ದಳು. ಪಕ್ಕದ ಮನೆಯ ರುದ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕಡೀತನಕ ಅದನ್ನೇ ಕೇಳಿದ್ಲರೀ, ಇಳದ್ರೇನು ಅವರು ಅಂತ."