ಹದಿನಾಲ್ಕನೇ ಬಾಟ್ಲಿ

ಚಿತ್ತವಾಡ್ಗಿಯ ಶಾಂತಕ್ಕನ ಕೆಲಸದಲ್ಲಿ ಯಾರೂ ತಪ್ಪು ಎತ್ತಿ ತೋರಿಸಿದವರಿಲ್ಲ. ಗಂಡ ತೀರಿಕೊಂಡ ವರ್ಷ ಶುರುವಾದ ಗುತ್ತಿಗೆ ಕೆಲಸ. ಹನ್ನೊಂದು ವರ್ಷದಿಂದ ಐಸ್ ಪೆಟ್ಟಿಗೆ ಹೊತ್ತು ಊರೂರು ತಿರುಗಿ, ಕುಡಿಯುವ ನೀರಿನ ಮಾದರಿ ಹಿಡಿದು ಹೊಸಪೇಟೆಯ ಪ್ರಯೋಗಾಲಯಕ್ಕೆ ಮುಟ್ಟಿಸುತ್ತಾಳೆ. ಮಾತು ಒರಟು, ಕೈ ಅಚ್ಚುಕಟ್ಟು. ಅಂಥವಳೂ ಒಂದು ಸಲ ಎಡವಿದಳು ನೋಡಿ.

ಎಮ್ಮಿಗನೂರಿನ ಆಚೆ ಗದ್ದೆಗಳ ನಡುವೆ ಒಂದು ಊರು. ಅಲ್ಲಿ ನಾಲ್ಕಾರು ಮನೆಗಳಲ್ಲಿ ವಾಂತಿಭೇದಿ ಕಾಣಿಸಿಕೊಂಡಿತ್ತು. ಪಂಚಾಯಿತಿಯವರು ನಲ್ಲಿ ನೀರು ಕುಡಿಯಬೇಡಿ ಎಂದು ಟ್ಯಾಂಕರ್ ತರಿಸಿ, ನೀರಿನ ಸಮೀಕ್ಷೆ ಮಾಡಿ ಎಂದು ಬರೆದಿದ್ದರು. ನಲ್ಲಿ, ಕೈಪಂಪು ಸೇರಿ ಇಪ್ಪತ್ತೆರಡು ಕಡೆಯ ನೀರು ಹಿಡಿಯಬೇಕು, ಸೂಕ್ಷ್ಮಾಣು ಪರೀಕ್ಷೆಗೆ ಇದ್ದದ್ದೂ ಎಣಿಸಿ ಇಪ್ಪತ್ತೆರಡೇ ಬಾಟ್ಲಿ. ಹದಿನಾಲ್ಕನೆಯದು ಚರಂಡಿ ಪಕ್ಕದ ನಲ್ಲಿ.

ಊರಿಗೆ ನೀರು ಬಿಡುವ ನೀರಗಂಟಿ ಉಚ್ಚೆಂಗಪ್ಪ ಬೆಳಗಿನಿಂದ ಜೊತೆಗಿದ್ದ, ಪಾಪ, ಒಳ್ಳೆಯ ಮನುಷ್ಯ. ಫ್ಲೋರೈಡ್ ಪರೀಕ್ಷೆಯ ದೊಡ್ಡ ಬಾಟ್ಲಿಯನ್ನು ಶಾಂತಕ್ಕ ಅದೇ ನೀರಿನಿಂದ ಮೂರು ಸಲ ತೊಳೆದು ತುಂಬುವುದನ್ನು ಅವನು ನೋಡಿದ್ದ. ಅವಳು ನಲ್ಲಿಯ ಬಾಯಿಯನ್ನು ಬೆಂಕಿಯಲ್ಲಿ ಕಾಯಿಸಿ, ನೀರು ಹರಿಯಬಿಟ್ಟು ಗಡಿಯಾರ ನೋಡುತ್ತಿದ್ದಾಗ, ಸಣ್ಣ ಬಾಟ್ಲಿಯ ಮುಚ್ಚಳ ತೆಗೆದು ತಾನೇ ತೊಳೆದುಬಿಟ್ಟ.

"ತೊಳೀಲಾರದ ಬಾಟ್ಲ್ಯಾಗ ನೀರು ಹಿಡೀತಾರೇನವ್ವ? ಎಲ್ಡು ಸಲ ಗಲಬರಿಸೀನಿ, ತಗೋ."

ಆ ಬಾಟ್ಲಿ ತೊಳೆಯುವಂಥದ್ದಲ್ಲ. ಪ್ರಯೋಗಾಲಯದಲ್ಲಿ ಬಿಸಿ ಹಬೆಯಿಂದ ಶುದ್ಧ ಮಾಡಿದ್ದು. ತಳದಲ್ಲಿ ಚಿಟಿಕೆ ಔಷಧಿ ಇರುತ್ತದೆ. ನೀರಿನ ಕ್ಲೋರಿನ್ ಬಾಟ್ಲಿಯೊಳಗೂ ಕ್ರಿಮಿ ಕೊಲ್ಲುತ್ತ ಹೋಗದಂತೆ ಅದು ತಡೆಯುತ್ತದೆ. ಅದು ಈಗ ಚರಂಡಿ ಪಾಲಾಗಿತ್ತು. ಸಾಲದ್ದಕ್ಕೆ, ಸರ್ವೆಯವರು ಬರುತ್ತಾರೆಂದು ಉಚ್ಚೆಂಗಪ್ಪ ಬೆಳಿಗ್ಗೆ ಟ್ಯಾಂಕಿಗೆ ಎರಡು ಪಾಲು ಬ್ಲೀಚಿಂಗ್ ಪುಡಿ ಸುರಿದಿದ್ದ. ನೀರು ಘಾಟು ಹೊಡೆಯುತ್ತಿತ್ತು. ಇನ್ನು ಕ್ರಿಮಿ ಇದ್ದರೂ ಬಾಟ್ಲಿಯೊಳಗೇ ಸತ್ತು, ಪರೀಕ್ಷೆಗೆ ಸಿಗುವಂತಿರಲಿಲ್ಲ.

ಐಸ್ ಕರಗುತ್ತಿತ್ತು, ಇನ್ನೂ ಎಂಟು ಕಡೆ ಬಾಕಿ. ಶಾಂತಕ್ಕ ಅವನನ್ನೊಮ್ಮೆ ಕೆಕ್ಕರಿಸಿ ನೋಡಿ, ಅದೇ ಬಾಟ್ಲಿಯನ್ನು ತುಂಬಿದಳು. ಬಾಟ್ಲಿ ಕೆಟ್ಟದ್ದನ್ನು ಬರೆಯಬೇಕಿದ್ದ ನಮೂನೆಯ ಷರಾ ಕಾಲಂ ಖಾಲಿ ಬಿಟ್ಟಳು.

ಮೂರನೇ ದಿನ ಫಲಿತಾಂಶ ಬಂತು: ಯಾವ ನಲ್ಲಿಯಲ್ಲೂ ಕ್ರಿಮಿ ಇಲ್ಲ, ಹದಿನಾಲ್ಕನೆಯದರಲ್ಲೂ. ಸಮೀಕ್ಷೆಯ ಅಧಿಕಾರಿ ಈಶ್ವರ್ ಫೋನಿನಲ್ಲೇ ಪಂಚಾಯಿತಿಗೆ ತಿಳಿಸಿದರು. ಅವತ್ತೇ ಟ್ಯಾಂಕರ್ ನಿಂತಿತು, ಜನ ನಲ್ಲಿಗೆ ಕೊಡ ಹಿಡಿದರು. ಸುದ್ದಿ ಶಾಂತಕ್ಕನಿಗೂ ಮುಟ್ಟಿತು. ನೀರು ಚೆನ್ನಾಗಿಯೇ ಇರಬಹುದಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೇಳಿಕೊಂಡು ಆರು ದಿನ ಕಳೆದಳು.

ಒಂಬತ್ತನೇ ದಿನ ಪಂಚಾಯಿತಿ ಕಟ್ಟಡದಲ್ಲಿ ವರದಿ ಓದುವ ಸಭೆ. ಒಳಗೆ ಹೋಗುವ ಮುಂಚೆ ಹೊರಗಡೆ ಹೆಂಗಸರು ಮಾತಾಡುವುದು ಅವಳ ಕಿವಿಗೆ ಬಿತ್ತು: ಆ ಚರಂಡಿ ಪಕ್ಕದ ಮನೆಯ ನಿಂಗಕ್ಕನ ಮೊಮ್ಮಗಳನ್ನು ಕಂಪ್ಲಿ ಆಸ್ಪತ್ರೆಗೆ ಸೇರಿಸಿದ್ದಾರಂತೆ, ಭೇದಿ ನಿಲ್ಲುತ್ತಿಲ್ಲವಂತೆ. ಶಾಂತಕ್ಕ ನೆಟ್ಟಗೆ ಒಳಗೆ ಹೋದಳು. ಈಶ್ವರ್ ಅವರನ್ನು ಮೂಲೆಗೆ ಕರೆದು ಬಾಟ್ಲಿಯ ಕಥೆ ಪೂರ್ತಿ ಹೇಳಿದಳು.

"ವರದಿ ಕೊನಿಗೆ 'ಸಮೀಕ್ಷೆಯ ಮಿತಿಗಳು' ಅಂತ ಬರ್ದೀನಲ್ಲಮ್ಮ," ಎಂದರು ಅವರು, ದನಿ ತಗ್ಗಿಸಿ. "ಒಂದೇ ಸಲ ತೆಗೆದ ಮಾದರಿ, ಒಂದೇ ಋತುವಿಂದು. ಅಷ್ಟು ಸಾಕು. ಇದನ್ನ ಬರೆದ್ರ ಯಾರು ಹಿಡಿದದ್ದು ಅಂತ ಕೇಳ್ತಾರ. ಮಾರ್ಚಿಗೆ ನಿಮ್ಮ ಗುತ್ತಿಗೆ ಮುಗೀತತಿ, ನೆನಪೈತಿಲ್ಲೋ?"

"ನೆನಪೈತ್ರಿ ಸರ. ನೀವು ಬರೀದಿದ್ರ ನಾನಾ ಎದ್ದು ಹೇಳ್ತೀನಿ."

ಅವರು ಬರೆಯಲಿಲ್ಲ. ಆರು ಕೈಪಂಪಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ, ನಲ್ಲಿಗಳೆಲ್ಲ ಸುರಕ್ಷಿತ ಎಂದು ಓದಿದರು. ಶಾಂತಕ್ಕ ಎದ್ದಳು.

"ಹದಿನಾಲ್ಕನೇ ನಳದ ಲೆಕ್ಕ ಹಿಡೀಬ್ಯಾಡ್ರಿ. ಬಾಟ್ಲಿ ಕೆಟ್ಟಿತ್ತು, ಗೊತ್ತಿದ್ದೂ ತುಂಬೀನಿ. ತಪ್ಪು ನಂದು."

"ನೀರು ಕೆಟ್ಟೈತೇನು ಹಂಗಾರ?" ಯಾರೋ ಕೇಳಿದರು.

"ಗೊತ್ತಿಲ್ರಿ. ಕೆಟ್ಟೈತಿ ಅನ್ನಾಕೂ ಆಗಲ್ಲ, ಚಲೋ ಐತಿ ಅನ್ನಾಕೂ ಆಗಲ್ಲ. ಮತ್ತ ಹಿಡೀಬೇಕು."

ಹಿಂದಿನ ಸಾಲಿನಲ್ಲಿ ಉಚ್ಚೆಂಗಪ್ಪ ತಲೆ ತಗ್ಗಿಸಿ ಕುಳಿತಿದ್ದ. ಅವನ ಹೆಸರನ್ನು ಅವಳು ಎತ್ತಲಿಲ್ಲ, ಈಶ್ವರ್ ಅವರ ಮುಖವನ್ನೂ ನೋಡಲಿಲ್ಲ.

ಅವತ್ತೇ ನಲ್ಲಿ ಬಂದ್ ಆಗಿ ಟ್ಯಾಂಕರ್ ಮತ್ತೆ ಬಂತು. ಮರುದಿನ ಬೆಳಿಗ್ಗೆ, ಪುಡಿ ಹಾಕುವ ಮೊದಲೇ, ಶಾಂತಕ್ಕ ಆ ನಲ್ಲಿಯಲ್ಲಿ ಎರಡು ಬಾಟ್ಲಿ ಹಿಡಿದಳು. ಎರಡು ದಿನಕ್ಕೆ ಉತ್ತರ ಬಂತು: ಎರಡರಲ್ಲೂ ಮಲದ ಕ್ರಿಮಿ. ಅಗೆದು ನೋಡಿದರೆ ಪೈಪು ಚರಂಡಿಯ ಕೆಳಗೇ ಒಡೆದಿತ್ತು.

ಪ್ರಯೋಗಾಲಯದಿಂದ ಅವಳು ನೆಟ್ಟಗೆ ಕಂಪ್ಲಿ ಆಸ್ಪತ್ರೆಗೆ ಹೋದಳು. ಮಗು ಗ್ಲೂಕೋಸ್ ಹಾಕಿಸಿಕೊಂಡು ಮಲಗಿತ್ತು. ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ನಿಂಗಕ್ಕ ಮಂಚದ ಪಕ್ಕ ನೆಲದ ಮೇಲೆ ಕುಳಿತಿದ್ದಳು. ಶಾಂತಕ್ಕ ಫಲಿತಾಂಶ ಹೇಳಿದಳು. ನಿಂಗಕ್ಕ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ನೀರು ಹಿಡಿದ ದಿನಾನ ಗೊತ್ತಿತ್ತೇನವ್ವ ನಿನಗ?"

"ಗೊತ್ತಿತ್ತು ಯಕ್ಕಾ."

ನಿಂಗಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೀರು ವಾಸನಿ ಬರ್ತತಿ, ಒಲ್ಲೆ ಅಂತಿದ್ಲು ಆಕಿ," ಎಂದಳು, ಮೊಮ್ಮಗಳ ಕಾಲು ನೀವುತ್ತ. "ಸರ್ವೆದಾರು ನೋಡ್ಯಾರ, ಏನಾಗಲ್ಲ ಅಂತ ನಾನಾ ಕುಡಿಸೀನಿ."