ಎಕರೆಯ ಜಿಪ್ಸಮ್ ಹೆಕ್ಟೇರಿಗೆ

ರಾಮದುರ್ಗದ ಕಾಲೇಜಿನಲ್ಲಿ ಮಣ್ಣಿನ ಪಾಠ ಹೇಳುವ ನನಗೆ ಇಂಡೋನೇಷ್ಯಾದ ಭಾಷೆ ಒಂದಕ್ಷರವೂ ಬಾರದು. ಆದರೂ ಮನೋಳಿ ಕಡೆಯ ಸವಳು ಹೊಲಗಳನ್ನು ಜಿಪ್ಸಮ್ ಹಾಕಿ ಸರಿಪಡಿಸಿದ ಬಗ್ಗೆ ನಾವು ಬರೆದ ಪ್ರಬಂಧವನ್ನು ಆ ಭಾಷೆಗೆ ತರುವ ಕೆಲಸ ನನ್ನ ಕೊರಳಿಗೇ ಬಿತ್ತು. ಅಲ್ಲಿನ ಸಂಶೋಧಕಿಯೊಬ್ಬಳು ಅದನ್ನು ತನ್ನ ರೈತರಿಗೆ ಓದಿ ಹೇಳಿ, ಅದರಂತೆಯೇ ಹೊಲ ಸರಿಪಡಿಸಿ ಬಿತ್ತಿಸುವವಳಿದ್ದಳು.

ನಮ್ಮ ಹಿರಿಯ ಸರ್ ಪದಪಟ್ಟಿ ಮಾಡಿಕೊಟ್ಟರು: ಈ ಮಾತಿಗೆ ಇದೇ ಮಾತು. ನಾನು ಎಐಗೆ ಅಪ್ಪಣೆ ಬರೆದೆ. ಪಟ್ಟಿಯ ಪದ ಬಿಟ್ಟು ಬೇರೆ ಬಳಸಬೇಡ, ಅಂಕಿ ಮುಟ್ಟಬೇಡ, ಅನುಮಾನ ಬಂದಲ್ಲಿ ಊಹಿಸಬೇಡ. ಕೆಂಪು ಗುರುತು ಹಾಕಿ ಕಾರಣವನ್ನು ಕನ್ನಡದಲ್ಲಿ ಬರೆ. ಅನುಮಾನ ಇದ್ದಲ್ಲಿ ಕೆಂಪು ಗುರುತು ಇರುತ್ತದೆ ಎಂದು ಆ ಸಂಶೋಧಕಿಗೂ ತಿಳಿಸಿದೆ. ಅನುವಾದ ಬಂತು, ಅಲ್ಲಲ್ಲಿ ಕೆಂಪು. ಓದಲು ಬಾರದ ಭಾಷೆಯಲ್ಲಿ ನನಗಿದ್ದ ಕಣ್ಣೆಂದರೆ ಆ ಗುರುತುಗಳೇ.

ಅಷ್ಟರಲ್ಲಿ ಉತ್ತರಪತ್ರಿಕೆ ತಿದ್ದಲು ಧಾರವಾಡಕ್ಕೆ ಕರೆ ಬಂತು. "ಸರ್, ನಾ ಬಂದ ಮ್ಯಾಲೆ ಗುರುತು ಒಂದೊಂದ ನೋಡೂಣ್ರಿ" ಎಂದು ಹೇಳಿ ಹೊರಟೆ.

ತಿಂಗಳ ಮೇಲೆ ತಿರುಗಿ ಬಂದು, ನನ್ನ ಬಳಿ ಉಳಿದಿದ್ದ ಪ್ರತಿಯನ್ನು ಓದತೊಡಗಿದೆ. ಜಿಪ್ಸಮ್ ಪ್ರಮಾಣದ ಪಕ್ಕದ ಟಿಪ್ಪಣಿ ಹೀಗಿತ್ತು: 'ಪಟ್ಟಿಯಂತೆ ಎಕರೆ ಎಂದಿದ್ದಲ್ಲಿ ಹೆಕ್ಟೇರ್ ಎಂದು ಹಾಕಿದ್ದೇನೆ. ಅಂಕಿ ಬದಲಿಸಿಲ್ಲ. ಎಕರೆಗೆ ಎರಡು ಟನ್ ಇದ್ದದ್ದು ಹೆಕ್ಟೇರಿಗೆ ಎರಡು ಟನ್ ಆಗಿದೆ. ಒಂದು ಹೆಕ್ಟೇರ್ ಸುಮಾರು ಎರಡೂವರೆ ಎಕರೆ, ಹಾಗಾಗಿ ಪ್ರಮಾಣ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ದಯವಿಟ್ಟು ಖಚಿತಪಡಿಸಿ.'

ಸ್ಟಾಫ್ ರೂಮಿಗೆ ಓಡಿದೆ.

"ಸರ್, ಪಟ್ಟಿಯೊಳಗ ಎಕರೆ ಅಂದ್ರ ಹೆಕ್ಟೇರ್ ಅಂತ ಯಾಕ ಬರದ್ರಿ?"

"ಅಲ್ಲಿ ಮಂದಿ ಹೆಕ್ಟೇರ್ ಅಂತಾರಲ್ರಿ ಮೇಡಂ. ನಮ್ಮಲ್ಲಿ ಎಕರೆ, ಅಲ್ಲಿ ಹೆಕ್ಟೇರ್."

"ಆ ಕೆಂಪು ಗುರುತು ನೋಡಿದ್ರೇನ್ರಿ?"

"ಅವನ್ನೆಲ್ಲಾ ತಗದು, ಚೊಲೋ ಮಾಡಿ ನೀವು ಧಾರವಾಡಕ್ಕ ಹೋದ ದಿನಾನ ಆಕಿಗೆ ಕಳಿಸೀನ್ರಿ. ಪೇಪರ್ ತುಂಬ ಕೆಂಪು ಇದ್ರ ಹೊರಗಿನವರು ಏನಂದಾರು? ಫೇಲಾದ ಹುಡುಗನ ಪೇಪರ್ ಕಂಡಂಗ ಕಾಣತಿತ್ತು."

ಜೀವಮಾನವೆಲ್ಲ ಕೆಂಪು ಶಾಯಿಯಲ್ಲಿ ತಪ್ಪು ತೋರಿಸಿದವರು ನಾವು. ಕೆಂಪು ಕಂಡರೆ ಮರ್ಯಾದೆ ಹೋಯಿತೆಂದೇ ನಮ್ಮ ಲೆಕ್ಕ. ಅವರ ಮೇಲೆ ಹರಿಹಾಯುವಷ್ಟು ಸಿಟ್ಟು ಬಂತು. ಆದರೆ ಕೂಗಾಡಿದರೆ ಅಲ್ಲಿಯ ಹೊಲಕ್ಕೆ ಜಿಪ್ಸಮ್ ಬೀಳುತ್ತದೆಯೇ?

ಆ ಸಂಶೋಧಕಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಸರಿ ಲೆಕ್ಕ ಬರೆದು ಸಂದೇಶ ಕಳಿಸಿದೆ, ಬಿತ್ತಬೇಡಿ, ತಡೆಯಿರಿ ಎಂದೆ. ಸರ್ ತಮ್ಮ ಕನ್ನಡಕ ತೆಗೆದು ಪಕ್ಕದಲ್ಲೇ ನಿಂತಿದ್ದರು. ದೇವರೇ, ಇನ್ನೂ ಬಿತ್ತಿರದಿರಲಿ ಎಂದು ಬೇಡಿಕೊಂಡೆ.

ಸಂಜೆಗೆ ಉತ್ತರ ಬಂತು. ಜಿಪ್ಸಮ್ ಹಾಕಿ, ನೀರು ಬಿಟ್ಟು, ಬಿತ್ತಿ ಆಗಿತ್ತು. ರೈತರ ಬಳಿ ಬೀಜ ಇದ್ದದ್ದೂ ಅಷ್ಟೇ, ಮತ್ತೆ ಬಿತ್ತಲು ಉಳಿದಿರಲಿಲ್ಲ. ಅವಳು ಬೈದಿರಲಿಲ್ಲ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೊನೆಗೆ ಹೀಗೆ ಬರೆದಿದ್ದಳು: 'ಅನುಮಾನ ಇದ್ದಲ್ಲಿ ಗುರುತು ಇರುತ್ತದೆ ಎಂದು ನೀವೇ ಹೇಳಿದ್ದಿರಿ. ಎಲ್ಲಕ್ಕಿಂತ ಮೊದಲು ಅದನ್ನೇ ಹುಡುಕಿದೆ. ಒಂದೂ ಇರಲಿಲ್ಲ.'