ಎಂಟು ಚಿತ್ರ ದಾಟಿ ಬಂದ ಕನ್ನಡ

ಆಂಧ್ರದ ಆದೋನಿಯ ಕನ್ನಡ ಶಾಲೆಯಲ್ಲಿ ನಾನು ಓದಿದ್ದು ನಾಲ್ಕನೇ ತರಗತಿವರೆಗೆ. ತೆಲುಗು ಮಾತಾಡಬಲ್ಲೆ, ಓದಲಾರೆ. ಅಂಗಡಿಯವನು ಫೋನನ್ನು ತೆಲುಗಿನಲ್ಲಿಟ್ಟು ಕೊಟ್ಟಿದ್ದ. ಹಸಿರು ಒತ್ತಿದರೆ ಮಾತು, ಕೆಂಪು ಒತ್ತಿದರೆ ಮುಗಿಯಿತು. ಉಳಿದದ್ದು ಬೇಕಾಗಿರಲಿಲ್ಲ.

ನಾಗಲದಿನ್ನೆಯ ಅಕ್ಕ ಪ್ರತಿ ಸೋಮವಾರ ಫೋನ್ ಮಾಡುತ್ತಿದ್ದಳು. ಎರಡು ತಿಂಗಳು ಮಾಡಲಿಲ್ಲ. ದೊಡ್ಡವಳು, ಅವಳೇ ಮಾಡಲಿ ಎಂದು ನಾನೂ ಬಿಗಿದುಕೊಂಡೆ. ಆಮೇಲೆ ಅವಳೂರಿನವರೊಬ್ಬರು ಬಂದು, ನಿಮ್ಮಕ್ಕ ಮಾಡಿ ಮಾಡಿ ಸೋತಿದ್ದಾಳೆ, ನೀವೇ ಎತ್ತುವುದಿಲ್ಲವಂತೆ ಎಂದರು. ಅವಳ ಕರೆಗೆ ನನ್ನ ಫೋನ್ ಒಮ್ಮೆಯೂ ರಿಂಗಾಗಿರಲಿಲ್ಲ.

ಕೋಸಗಿಯಲ್ಲಿ ಟೀಚರಾಗಿರುವ ಮಗಳಿಗೆ ಫೋನಿನಲ್ಲಿ ಹೇಳಿದೆ. ಹೆಸರಿನ ಮೇಲೆ ಬೆರಳು ಒತ್ತಿ ಹಿಡಿದಿದ್ದೀ, ಬಂದ ಪಟ್ಟಿಯಲ್ಲಿ ಏನನ್ನೋ ಮುಟ್ಟಿ ದೊಡ್ಡಮ್ಮನ ಕರೆ ಬರದಂತೆ ಬ್ಲಾಕ್ ಮಾಡಿದ್ದೀ ಎಂದಳು. ಮನೆಯಲ್ಲಿರುವ ಸೊಸೆಯ ಕೈಲಿ ತೆಗೆಸಬಹುದಿತ್ತು; ಅಕ್ಕತಂಗಿಯರ ಮುನಿಸು ಅವಳಿಗೇಕೆ? ಫೋನು ಕನ್ನಡಕ್ಕೆ ಬಂದರೆ ನಾನೇ ಓದಿ ತೆಗೆಯುತ್ತೇನೆ ಎಂದೆ.

ಭಾಷೆ ಬದಲಿಸುವ ದಾರಿಯನ್ನು ಮಗಳು ಚಿತ್ರ ಮಾಡಿ ಫೋನಿಗೇ ಕಳಿಸಿದಳು. ಚಿತ್ರ ನೋಡಿದರೆ ಸೆಟ್ಟಿಂಗ್ಸ್ ಕಾಣದು, ಸೆಟ್ಟಿಂಗ್ಸಿಗೆ ಹೋದರೆ ಚಿತ್ರ ಮರೆತುಹೋಗುತ್ತಿತ್ತು. ಬೈದೆ. ಭಾನುವಾರ ಎಂಟು ಹಾಳೆ ಪ್ರಿಂಟ್ ಹಾಕಿಸಿಕೊಂಡು ಬಂದಳು. ಅವಳದೂ ನನ್ನಂಥದೇ ಫೋನು. ಅದನ್ನು ತೆಲುಗಿಗೆ ತಿರುಗಿಸಿ ಒಂದೊಂದು ಪರದೆಯ ಫೋಟೋ ಹಿಡಿದು, ಒತ್ತಬೇಕಾದಲ್ಲಿ ಕೆಂಪು ಸುತ್ತು, ಮೇಲೆ ನಂಬರು ಹಾಕಿದ್ದಳು.

"ಇದ್ರಾಗೂ ತೆಲುಗು ಐತಲ್ಲೇ."

"ನಿನ್ನ ಫೋನಿನ್ಯಾಗ ಏನು ಕಾಣ್ತೈತೋ ಅದ ಹಾಳ್ಯಾಗ ಇರಬೇಕಲ್ಲವ್ವ. ಓದಬ್ಯಾಡ, ಜೋಡಿ ನೋಡು. ನಾ ಮುಟ್ಟಂಗಿಲ್ಲ."

ಕೈಕಟ್ಟಿ ಕುಳಿತಳು. ಒಂದು, ಸೆಟ್ಟಿಂಗ್ಸಿನ ಗುರುತು, ಹಲ್ಲಿನ ಗಾಲಿ. ಎರಡು, ಕೆಳತುದಿಯವರೆಗೆ ಸರಿಸಿ ಕೊನೆಯ ಸಾಲಿನ ಹತ್ತಿರ. ಮೂರು, ನಾಲ್ಕು, ಭಾಷೆಗಳ ಸಾಲು. ಐದು, ಕೂಡಿಸುವ ಚಿಹ್ನೆ. ಆರನೆಯದರಲ್ಲಿ ಏನೇನೋ ಲಿಪಿಗಳ ಉದ್ದ ಪಟ್ಟಿ. ಸರಿಸುತ್ತಾ ಹೋದೆ. ಅಷ್ಟರ ನಡುವೆ ಕನ್ನಡ ಅಂತ, ಕನ್ನಡದಲ್ಲೇ, ಕೂತಿತ್ತು. ಇಷ್ಟು ದಿನವೂ ಅಲ್ಲೇ ಇತ್ತು. ಒತ್ತಿದೆ.

ಏಳನೆಯದು ಸತಾಯಿಸಿತು. ಕನ್ನಡದ ಪಕ್ಕದ ಗೆರೆಗಳನ್ನು ಒತ್ತಿ ಹಿಡಿದು ತೆಲುಗಿನ ಮೇಲಕ್ಕೆ ಎಳೆಯಬೇಕು. ಎರಡು ಸಲ ಬೆರಳು ಬೇಗ ಎತ್ತಿದೆ, ಅದು ಮತ್ತೆ ಕೆಳಗೇ ಹೋಯಿತು. ಮೂರನೆಯ ಸಲ ಮೇಲೆ ನಿಂತಿತು. ಫೋನು ಏನೋ ಕೇಳಿತು. ಎಂಟನೆಯ ಹಾಳೆಯ ಸುತ್ತು ನೋಡಿ ಬಲಗಡೆ ಒತ್ತಿದೆ.

ಇಡೀ ಪರದೆ ಕನ್ನಡವಾಯಿತು. ಒಂದು ಸಾಲಲ್ಲ, ಎಲ್ಲ. ಎಪ್ಪತ್ತು ದಾಟಿದ ಮೇಲೆ ಒಂದು ವಸ್ತು ನನ್ನ ಬೆರಳಿಗೆ ಹೀಗೆ ತಿರುಗಿದ್ದನ್ನು ಅವತ್ತೇ ನೋಡಿದ್ದು.

ಅಕ್ಕನ ಹೆಸರು ಹುಡುಕಿ ಒತ್ತಿ ಹಿಡಿದೆ. "ಅನ್‌ಬ್ಲಾಕ್ ಮಾಡಿ" ಅಂತಿತ್ತು. ನಾನೇ ಓದಿದೆ, ನಾನೇ ಒತ್ತಿದೆ, ಬಿಗುಮಾನ ಬಿಟ್ಟು ನಾನೇ ಫೋನ್ ಮಾಡಿದೆ.

"ಈಗ ನೆನಪಾತೇನು?" ಎಂದಳು ಅಕ್ಕ.

ತಪ್ಪು ನನ್ನದೇ ಎಂದು ಹೇಳಿ ಹಾಳೆಗಳ ಕಥೆಯನ್ನೂ ಹೇಳಿದೆ.

"ನನ್ನ ಫೋನಿಗೂ ಹಾಳಿ ಮಾಡಾಕ ಹೇಳ ನಿನ್ನ ಮಗಳಿಗೆ" ಎಂದಳು.

ಪಕ್ಕದಲ್ಲೇ ಕೇಳಿಸಿಕೊಂಡ ಮಗಳು ಆಗಲೇ, ದೊಡ್ಡಮ್ಮನದು ಯಾವ ಫೋನು ಕೇಳವ್ವ, ಈ ಹಾಳೆ ಅದಕ್ಕೆ ಹೊಂದದಿರಬಹುದು ಎನ್ನುತ್ತಿದ್ದಳು.